ಬಾಯಿ ಮುಚ್ಚಿದ ಹಂಡೆ: ಗೀಸರ್‌ನ ಅಳತೆ, ಅದರ ವಾಲ್ವ್‌ಗಳು

ನಾಲ್ಕು ವರ್ಷದ ಹಿಂದೆ, ಡಿಸೆಂಬರ್‌ನಲ್ಲಿ, ತುಮಕೂರಿನ ಅಕ್ಕನ ಮನೆಗೆ ಹೋಗಿದ್ದೆ. ಬಚ್ಚಲುಮನೆಗೆ ಹೊಸ ಟೈಲ್ಸ್, ಶವರ್, ಹೊಸ ಗೀಸರ್ ಎಲ್ಲ ಬಂದಿತ್ತು. ಗೀಸರ್‌ನ ಕೆಳಗೆ ತಣ್ಣೀರು ಒಳಹೋಗುವ ಜಾಗದಲ್ಲಿ ಹೆಬ್ಬೆರಳು ಗಾತ್ರದ ಹಿತ್ತಾಳೆಯ ವಾಲ್ವ್. ಅದರ ಪಕ್ಕಕ್ಕೆ ಚಾಚಿಕೊಂಡಿದ್ದ ಸಣ್ಣ ಮೂತಿಗೆ ಯಾರೋ ಎಂಸೀಲ್ ಮೆತ್ತಿ ಉಂಡೆ ಮಾಡಿದ್ದರು. ಕೇಳಿದರೆ ಭಾವ, “ತೊಟ್ಟಿಕ್ತಾ ಇತ್ತಪ್ಪ, ಪ್ಲಂಬರ್ ಬಂದು ಮುಚ್ಚಿಕೊಟ್ಟ. ಈಗ ಒಂದು ಹನಿ ಬೀಳಲ್ಲ” ಎಂದರು. ಅಕ್ಕ ಅಡುಗೆಮನೆಯಿಂದಲೇ, “ಅಲ್ಲಿ ಬೀಳಲ್ಲ, ಆದ್ರೆ ಈಗ ಬಿಸಿನೀರಿನ ನಲ್ಲಿ ತೊಟ್ಟಿಕ್ತದೆ ಕಣೋ, ಗೀಸರ್ ಹಾಕಿದಾಗ ಮಾತ್ರ” ಎಂದಳು.

ಅಕ್ಕನ ಆ ಒಂದು ಮಾತಿನಲ್ಲೇ ರೋಗದ ಗುರುತು ಪೂರ್ತಿ ಇತ್ತು. ನಾನು ಮೊದಲು ಗೀಸರ್‌ನ ಸ್ವಿಚ್ ಆರಿಸಿದೆ. ಆಮೇಲೆ ಬಿಸಿನೀರಿನ ನಲ್ಲಿ ತಿರುಗಿಸಿದೆ. ಮೊದಲ ಕ್ಷಣ ನೀರು ಪಿಚಕಾರಿಯಂತೆ ಚಿಮ್ಮಿ, ಮರುಗಳಿಗೆಗೆ ಸಾಧಾರಣ ಧಾರೆಗೆ ಇಳಿಯಿತು. ಒಳಗೆ ಅಷ್ಟು ಒತ್ತಡ ಕಟ್ಟಿಕೊಂಡು ಕೂತಿತ್ತು.

ನಮ್ಮ ಅಜ್ಜಿಯ ಮನೆಯ ಬಚ್ಚಲಲ್ಲಿ ಒಲೆಯ ಮೇಲೆ ಕೂರಿಸಿದ್ದ ತಾಮ್ರದ ಹಂಡೆಗೆ ಯಾವ ವಾಲ್ವೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಅದರ ಬಾಯಿ ತೆರೆದಿತ್ತು. ನೀರು ಕಾದು ಉಬ್ಬಿದರೆ ಮಟ್ಟ ಒಂದು ಬೆರಳು ಏರುತ್ತಿತ್ತು, ಕುದಿದರೆ ಹಬೆ ಸೂರಿಗೆ ಹೋಗುತ್ತಿತ್ತು. ಗೀಸರ್ ಅದೇ ಹಂಡೆ, ಆದರೆ ಬಾಯಿ ಮುಚ್ಚಿದ್ದು. ಅದನ್ನು ಕೊಳ್ಳುವಾಗ ಎಷ್ಟು ಲೀಟರಿನದು ಬೇಕು ಎಂಬ ಪ್ರಶ್ನೆಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಮುಚ್ಚಿದ ಬಾಯಿಗೆ ಬದಲಿಯಾಗಿ ಏನಿದೆ ಎಂಬ ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ. ಎರಡನ್ನೂ ಒಟ್ಟಿಗೆ ನೋಡಬೇಕು.

ಮೊದಲು ಅಳತೆ. ಅಂಗಡಿಯಲ್ಲಿ “ಮನೇಲಿ ಎಷ್ಟು ಜನ?” ಎಂದು ಕೇಳಿ, ಮೂರು ಜನಕ್ಕೆ 15 ಲೀಟರ್, ನಾಲ್ಕಕ್ಕೆ 25 ಎಂದು ಹೇಳಿಬಿಡುತ್ತಾರೆ. ತಲೆ ಎಣಿಸುವುದು ಸಾಲದು. ಬಕೆಟ್ಟಿನಲ್ಲಿ ಸ್ನಾನವೋ ಶವರ್ ಕೆಳಗೋ, ಒಬ್ಬರ ಹಿಂದೆ ಒಬ್ಬರು ಎಷ್ಟು ಹೊತ್ತಿನ ಅಂತರದಲ್ಲಿ ಹೋಗುತ್ತಾರೆ, ಈ ಎರಡೇ ಸಂಗತಿ ಗೀಸರ್‌ನ ಗಾತ್ರವನ್ನು ತೀರ್ಮಾನಿಸುತ್ತವೆ.

ಅಕ್ಕನ ಮನೆಯ ಲೆಕ್ಕವನ್ನೇ ಹಾಕೋಣ. ಅಕ್ಕ, ಭಾವ, ಕಾಲೇಜಿಗೆ ಹೋಗುವ ಮಗಳು, ಭಾವನ ತಾಯಿ, ಒಟ್ಟು ನಾಲ್ಕು ಜನ. ಚಳಿಗಾಲದ ಬೆಳಿಗ್ಗೆ ಟ್ಯಾಂಕಿನ ನೀರು 20 ಡಿಗ್ರಿ ಸೆಲ್ಸಿಯಸ್ ಎಂದುಕೊಳ್ಳಿ. ಗೀಸರ್ ಅದನ್ನು 60 ಡಿಗ್ರಿಗೆ ಕಾಯಿಸುತ್ತದೆ. ಮೈಗೆ ಹಿತವಾಗುವುದು 40 ಡಿಗ್ರಿಯ ಸುತ್ತಮುತ್ತ. 20ಕ್ಕೂ 60ಕ್ಕೂ ಸರಿಯಾಗಿ ನಡುವೆ ಇರುವುದು 40. ಹಾಗಾಗಿ ಅರ್ಧ ಬಿಸಿ, ಅರ್ಧ ತಣ್ಣೀರು ಬೆರೆಸಿದರೆ ಹದ ಸಿಗುತ್ತದೆ. 18 ಲೀಟರಿನ ಒಂದು ಬಕೆಟ್ ಸ್ನಾನಕ್ಕೆ ಗೀಸರ್‌ನಿಂದ ಬೇಕಾದದ್ದು ಕೇವಲ 9 ಲೀಟರ್. ಮಂಗಳೂರಿನ ಕಡೆ ನೀರು ಅಷ್ಟು ತಣ್ಣಗಿರುವುದಿಲ್ಲ, ಏಳೆಂಟು ಲೀಟರ್ ಸಾಕಾಗುತ್ತದೆ. ಮಡಿಕೇರಿಯ ಚಳಿಗೆ 10 ದಾಟುತ್ತದೆ.

ಹಾಗಾದರೆ 15 ಲೀಟರಿನ ಗೀಸರ್‌ನಲ್ಲಿ 15 ಲೀಟರ್ ಬಿಸಿನೀರು ಸಿಗುತ್ತದೆಯೇ ಎಂದರೆ, ಪೂರ್ತಿ ಸಿಗುವುದಿಲ್ಲ. ಗೀಸರ್‌ನಲ್ಲಿ ನೀರು ತಾನಾಗಿ ಹೊರಗೆ ಬರುವುದಿಲ್ಲ. ಕೆಳಗಿನಿಂದ ಒಳನುಗ್ಗುವ ತಣ್ಣೀರು ಮೇಲಿರುವ ಬಿಸಿನೀರನ್ನು ತಳ್ಳುತ್ತದೆ, ತಳ್ಳುತ್ತಲೇ ಸ್ವಲ್ಪ ಬೆರೆಯುತ್ತದೆ. ಐದನೇ ಒಂದು ಪಾಲು ಹೀಗೆ ಹಾಳಾಗುತ್ತದೆ ಎಂದು ಹಿಡಿದರೆ, 15ರಲ್ಲಿ 12 ಲೀಟರ್, 25ರಲ್ಲಿ 20 ಲೀಟರ್ ನಂಬಬಹುದು. ಅಂದರೆ 15 ಲೀಟರಿನದು ಒಬ್ಬರ ಬಕೆಟ್ ತುಂಬಿಸಿ ಸ್ವಲ್ಪ ಉಳಿಸಿಕೊಳ್ಳುತ್ತದೆ.

ಇನ್ನು ಎರಡನೆಯವರ ಸರದಿ. ಸಾಮಾನ್ಯ ಗೀಸರ್‌ನ ಕಾಯಿಲ್ 2 ಕಿಲೋವ್ಯಾಟ್‌ನದು. 15 ಲೀಟರ್ ನೀರನ್ನು 20ರಿಂದ 60ಕ್ಕೆ ಏರಿಸಲು ಅದಕ್ಕೆ ಸುಮಾರು 21 ನಿಮಿಷ, 0.7 ಯೂನಿಟ್ ಬೇಕು. ಅದೇ ಲೆಕ್ಕದಲ್ಲಿ ಕಾಲು ಗಂಟೆಯಲ್ಲಿ 10 ಲೀಟರ್‌ಗಿಂತ ಸ್ವಲ್ಪ ಹೆಚ್ಚು ನೀರು ಕಾಯುತ್ತದೆ. ಒಬ್ಬರು ಸ್ನಾನ ಮುಗಿಸಿ ಬಂದು ಇನ್ನೊಬ್ಬರು ಬಟ್ಟೆ ಹುಡುಕಿಕೊಂಡು ಒಳಹೋಗುವಷ್ಟರಲ್ಲಿ ಕಾಲು ಗಂಟೆ ಸರಿದಿರುತ್ತದೆ, ಖರ್ಚಾದ 9 ಲೀಟರ್ ಮತ್ತೆ ಕಾದಿರುತ್ತದೆ. ಬಕೆಟ್ ಸ್ನಾನದ ನಾಲ್ವರ ಮನೆಗೆ 15 ಲೀಟರ್ ಧಾರಾಳವಾಗಿ ಸಾಕು. ಅಕ್ಕನ ಮನೆಯ ಹಳೆಯ ಗೀಸರ್ 15 ಲೀಟರಿನದೇ ಆಗಿತ್ತು, ಹನ್ನೊಂದು ವರ್ಷ ಯಾರೂ ತಣ್ಣೀರು ಸುರಿದುಕೊಂಡಿರಲಿಲ್ಲ.

ಶವರ್ ಬಂದ ಮೇಲೆ ಈ ಲೆಕ್ಕ ತಲೆಕೆಳಗಾಗುತ್ತದೆ. ಪ್ರೆಶರ್ ಪಂಪ್ ಇರುವ ಮನೆಯಲ್ಲಿ ಶವರ್ ನಿಮಿಷಕ್ಕೆ 7 ಲೀಟರ್ ಸುರಿಸುವುದು ದೊಡ್ಡ ಮಾತಲ್ಲ. ಆರು ನಿಮಿಷ ನಿಂತರೆ 42 ಲೀಟರ್, ಅದರಲ್ಲಿ ಅರ್ಧ, ಅಂದರೆ 21 ಲೀಟರ್, ಗೀಸರ್‌ನದು. 15 ಲೀಟರಿನದು ನಡುವೆಯೇ ಕೈಕೊಡುತ್ತದೆ. 25 ಲೀಟರಿನದು ಒಬ್ಬರಿಗೆ ಸರಿಹೋಗುತ್ತದೆ, ಆದರೆ ಆ 21 ಲೀಟರ್ ಮತ್ತೆ ಕಾಯಲು ಅರ್ಧ ಗಂಟೆ ಹಿಡಿಯುತ್ತದೆ. ಮಗಳು ಶವರ್‌ಗೆ, ಉಳಿದ ಮೂವರು ಬಕೆಟ್ಟಿಗೆ ಎನ್ನುವಂಥ ಮನೆಗೆ 25 ಲೀಟರ್ ಸರಿಯಾದ ಆಯ್ಕೆ. ಮಗಳು ಕೊನೆಗೆ ಹೋಗಬೇಕು, ಇಲ್ಲವೇ ಅವಳ ನಂತರ ಅರ್ಧ ಗಂಟೆ ಬಿಡಬೇಕು. ನಾಲ್ವರೂ ಬೆನ್ನಿಗೆ ಬೆನ್ನು ಶವರ್ ಕೆಳಗೆ ನಿಲ್ಲುವವರಾದರೆ 50 ಲೀಟರ್ ಕೂಡ ಇಬ್ಬರಿಗೆ ಮಾತ್ರ. ಅಂಥ ಮನೆಯವರು ಇನ್ನೂ ದೊಡ್ಡ ಗೀಸರ್ ಹುಡುಕುವುದಕ್ಕಿಂತ ಶವರ್‌ನ ಧಾರೆ ಕಡಿಮೆ ಮಾಡುವುದು ಒಳ್ಳೆಯದು.

3 ಲೀಟರಿನ ಇನ್‌ಸ್ಟಂಟ್ ಗೀಸರ್ ಬಗ್ಗೆಯೂ ಒಂದು ಮಾತು. ಅದರ ಕಾಯಿಲ್ 3 ಕಿಲೋವ್ಯಾಟ್. 20 ಡಿಗ್ರಿಯ ನೀರನ್ನು 40 ಮಾಡಿ ನಿಮಿಷಕ್ಕೆ 2 ಲೀಟರ್‌ಗಿಂತ ಸ್ವಲ್ಪ ಹೆಚ್ಚು ಕೊಡಬಲ್ಲದು, ಅಷ್ಟೇ. ಬಕೆಟ್ ತುಂಬಲು ಎಂಟು ನಿಮಿಷ ಬೇಕು. ಒಬ್ಬರೋ ಇಬ್ಬರೋ ಇರುವ ಮನೆಗೆ, ಅಡುಗೆಮನೆಯ ಸಿಂಕಿಗೆ ಅದು ಸರಿ. ಶವರ್‌ಗೆ ಅದನ್ನು ಜೋಡಿಸಿ ಬೈದುಕೊಳ್ಳುವವರನ್ನು ತುಂಬ ನೋಡಿದ್ದೇನೆ.

ಕರೆಂಟ್ ಬಿಲ್ಲಿನ ಹೆದರಿಕೆಯಿಂದ ಚಿಕ್ಕ ಗೀಸರ್ ಕೊಳ್ಳುವುದೂ ಅಷ್ಟೇನೂ ಸರಿಯಲ್ಲ. ಒಂದು ಬಕೆಟ್ ಹದವಾದ ನೀರಿಗೆ ಬೇಕಾಗುವುದು ಸುಮಾರು 0.42 ಯೂನಿಟ್. ಅದು 3 ಲೀಟರಿನ ಗೀಸರ್‌ನಲ್ಲಿ ಕಾದರೂ ಅಷ್ಟೇ, 50 ಲೀಟರಿನದರಲ್ಲಿ ಕಾದರೂ ಅಷ್ಟೇ. ದೊಡ್ಡದರಲ್ಲಿ ನಷ್ಟವಾಗುವುದು ಯಾರೂ ಬಳಸದೆ ಉಳಿದ ಬಿಸಿನೀರು ನಿಧಾನವಾಗಿ ಆರಿಹೋಗುವುದರಿಂದ. ಗೀಸರ್ ಮೇಲೆ ಅಂಟಿಸಿರುವ ನಕ್ಷತ್ರಗಳು ಹೇಳುವುದೂ ಇದನ್ನೇ: ನೀರು ಸುಮ್ಮನೆ ನಿಂತಾಗ ಎಷ್ಟು ಶಾಖ ಸೋರುತ್ತದೆ ಎಂಬುದನ್ನು. ಐದು ನಕ್ಷತ್ರದ್ದು ಬೇಗ ಕಾಯುತ್ತದೆ ಎಂದು ಕೆಲವರು ತಿಳಿದಿದ್ದಾರೆ. ಕಾಯುವ ವೇಗ ಕಾಯಿಲ್‌ನ ಕಿಲೋವ್ಯಾಟ್‌ಗೆ ಸೇರಿದ್ದು, ನಕ್ಷತ್ರಕ್ಕೂ ಅದಕ್ಕೂ ಸಂಬಂಧವಿಲ್ಲ.

ಈಗ ಆ ಉಂಡೆ ಮೆತ್ತಿದ ಮೂತಿಗೆ ಬರೋಣ. ಕಾದ ನೀರು ಉಬ್ಬುತ್ತದೆ. 25 ಲೀಟರ್ ನೀರು 20ರಿಂದ 60 ಡಿಗ್ರಿಗೆ ಏರಿದರೆ ಸುಮಾರು 380 ಎಂ.ಎಲ್. ಹೆಚ್ಚಾಗುತ್ತದೆ. ಒಳಗಿನ ಉಕ್ಕಿನ ಟ್ಯಾಂಕೂ ಕೂದಲೆಳೆಯಷ್ಟು ಹಿಗ್ಗುವುದರಿಂದ ಹೊರಗೆ ಹೋಗಬೇಕಾದದ್ದು 350 ಎಂ.ಎಲ್. ಹತ್ತಿರ. ನೀರನ್ನು ಅದುಮಿ ಕೂರಿಸಲು ಆಗುವುದಿಲ್ಲ. ಅದು ಎಲ್ಲಿಗಾದರೂ ಹೋಗಲೇಬೇಕು.

ನಮ್ಮ ಮನೆಗಳಲ್ಲಿ ಇದಕ್ಕೆ ಮೂರು ದಾರಿಗಳಿವೆ. ಮೊದಲನೆಯದು ಹಳೆಯ ದಾರಿ. ಗೀಸರ್‌ನಿಂದ ಬಿಸಿನೀರು ಹೊರಡುವ ಪೈಪಿನಿಂದಲೇ ಒಂದು ಕವಲು ತೆಗೆದು, ಅದನ್ನು ತಾರಸಿಯ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಮೇಲಕ್ಕೆ ಒಯ್ದು, ಊರುಗೋಲಿನ ಹಿಡಿಯಂತೆ ಬಗ್ಗಿಸಿ ಬಿಡುತ್ತಾರೆ. ಇದನ್ನು ವೆಂಟ್ ಪೈಪ್ ಅನ್ನುತ್ತಾರೆ. ಇದು ಇರುವವರೆಗೆ ಗೀಸರ್ ಬಾಯಿ ತೆರೆದ ಹಂಡೆಯೇ. ಉಬ್ಬಿದ ನೀರು ಪೈಪಿನಲ್ಲಿ ಸ್ವಲ್ಪ ಏರುತ್ತದೆ, ಕುದಿದರೆ ಹಬೆ ಮೇಲಿಂದ ಹೋಗುತ್ತದೆ. ಎರಡನೆಯದು, ತಣ್ಣೀರಿನ ಪೈಪಿನಲ್ಲಿ ಯಾವ ತಡೆಯೂ ಇಲ್ಲದಿದ್ದರೆ ಉಬ್ಬಿದ ನೀರು ಬಂದ ದಾರಿಯಲ್ಲೇ ಹಿಂದಕ್ಕೆ, ಓವರ್‌ಹೆಡ್ ಟ್ಯಾಂಕಿನ ಕಡೆಗೆ ಸರಿಯುವುದು. ಮೂರನೆಯದು, ಸೇಫ್ಟಿ ವಾಲ್ವ್‌ನ ಮೂತಿಯಿಂದ ಹನಿಹನಿಯಾಗಿ ಹೊರಬೀಳುವುದು.

ಎರಡನೆಯ ದಾರಿ ಸುಲಭವಾಗಿ ಕಾಣುತ್ತದೆ, ಹಾಗಾಗಿಯೇ “ಓವರ್‌ಹೆಡ್ ಟ್ಯಾಂಕ್ ಇದ್ದರೆ ನಾನ್ ರಿಟರ್ನ್ ವಾಲ್ವ್ ಬೇಡ” ಎನ್ನುವ ಪ್ಲಂಬರ್‌ಗಳು ಸಾಕಷ್ಟು ಜನ ಇದ್ದಾರೆ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಒತ್ತಡದ ಮಟ್ಟಿಗೆ ಆ ಮನೆಗೆ ತೊಂದರೆಯಿಲ್ಲ. ತೊಂದರೆ ಬರುವುದು ಟ್ಯಾಂಕ್ ಖಾಲಿಯಾದ ದಿನ. ತಾರಸಿಯ ಟ್ಯಾಂಕ್ ಬರಿದಾಗಿದೆ, ಕೆಳಮನೆಯವರು ನಲ್ಲಿ ತಿರುಗಿಸಿ ನೀರು ಬರುತ್ತದೆಯೇ ಎಂದು ನೋಡುತ್ತಾರೆ, ಇಲ್ಲಿ ಯಾರೋ ಬಿಸಿನೀರಿನ ನಲ್ಲಿಯನ್ನು ತೆರೆದೇ ಬಿಟ್ಟಿದ್ದಾರೆ. ತಣ್ಣೀರಿನ ಪೈಪ್ ಗೀಸರ್‌ನ ತಳಕ್ಕೆ ತೆರೆಯುವುದರಿಂದ, ಒಳಗಿನ ನೀರೆಲ್ಲ ಆ ಪೈಪಿನಲ್ಲೇ ಕೆಳಗಿಳಿದು ಹೋಗುತ್ತದೆ. ಆಗ ಸ್ವಿಚ್ ಹಾಕಿದರೆ ಕಾಯಿಲ್ ಒಣಗಿ ನಿಂತು ಕಾಯುತ್ತದೆ, ಕೆಲವೇ ನಿಮಿಷದಲ್ಲಿ ಸುಟ್ಟುಹೋಗುತ್ತದೆ. ಇನ್ನೊಂದು ತೊಂದರೆ ದಿನವೂ ಆಗುವಂಥದ್ದು: ಹಿಂದಕ್ಕೆ ಸರಿಯುವ ಬಿಸಿನೀರು ತಣ್ಣೀರಿಗೆಂದೇ ಹಾಕಿದ ಪಿವಿಸಿ ಪೈಪನ್ನು ಮೆತ್ತಗೆ ಮಾಡಿ ಜಾಯಿಂಟ್ ಬಿಡಿಸುತ್ತದೆ. ಹಾಗಾಗಿ ಟ್ಯಾಂಕಿನ ಮನೆಯಾದರೂ ನಾನ್ ರಿಟರ್ನ್ ವಾಲ್ವ್ ಬೇಕು ಎಂಬುದೇ ನನ್ನ ಅಭಿಪ್ರಾಯ. ಆದರೆ ಅದನ್ನು ಹಾಕಿದ ಕ್ಷಣ ಎರಡನೆಯ ದಾರಿ ಮುಚ್ಚುತ್ತದೆ. ವೆಂಟ್ ಪೈಪ್ ಇಲ್ಲದಿದ್ದರೆ ಉಳಿಯುವುದು ಸೇಫ್ಟಿ ವಾಲ್ವ್ ಒಂದೇ. ಒಂದನ್ನು ಹಾಕಿದವರು ಇನ್ನೊಂದನ್ನು ಬಿಡುವಂತಿಲ್ಲ.

ಈ ಕಾರಣಕ್ಕೇ ಈಗಿನ ಗೀಸರ್‌ಗಳ ಡಬ್ಬದಲ್ಲಿ ಎರಡನ್ನೂ ಒಂದೇ ಒಡಲಲ್ಲಿ ಸೇರಿಸಿದ ಮಲ್ಟಿ ಫಂಕ್ಷನ್ ವಾಲ್ವ್ ಬರುತ್ತದೆ. ಕೆಳಗಿನಿಂದ ಮೇಲಕ್ಕೆ ನೀರು ಬಿಡುವ, ವಾಪಸು ಬಿಡದ ಬಿಲ್ಲೆ ಅದರೊಳಗಿದೆ. ಅದರ ಮೇಲ್ಭಾಗದಲ್ಲಿ, ಅಂದರೆ ಗೀಸರ್‌ನ ಕಡೆಗೆ, ಸ್ಪ್ರಿಂಗಿನಿಂದ ಒತ್ತಿ ಹಿಡಿದ ಇನ್ನೊಂದು ಬಾಗಿಲಿದೆ. ಒತ್ತಡ ಸಾಮಾನ್ಯವಾಗಿ 8 ಬಾರ್ ತಲುಪಿದಾಗ ಆ ಬಾಗಿಲು ಚೂರು ಸರಿದು ಮೂತಿಯಿಂದ ನೀರು ಬಿಡುತ್ತದೆ. ತಾರಸಿಯ ಟ್ಯಾಂಕಿನಿಂದ ಒಂದು ಮಹಡಿ ಕೆಳಗಿನ ಬಚ್ಚಲಿಗೆ ಸಿಗುವ ಒತ್ತಡ ಅರ್ಧ ಬಾರ್‌ಗಿಂತಲೂ ಕಡಿಮೆ ಎಂಬುದನ್ನು ನೆನೆದರೆ 8 ಬಾರ್ ಎಷ್ಟು ದೊಡ್ಡದೆಂದು ತಿಳಿಯುತ್ತದೆ. ಮುಚ್ಚಿದ ಗೀಸರ್ ಬರೀ ನೀರಿನ ಉಬ್ಬುವಿಕೆಯಿಂದ ಅಲ್ಲಿಗೆ ಮುಟ್ಟುತ್ತದೆ.

ಅಕ್ಕನ ಮನೆಯಲ್ಲಿ ಆದದ್ದು ಹೀಗೆ. ಹಳೆಯ ಗೀಸರ್‌ಗೆ ವೆಂಟ್ ಪೈಪ್ ಇತ್ತು. ಶವರ್‌ಗೆಂದು ಪ್ರೆಶರ್ ಪಂಪ್ ಕೂರಿಸಿದರು. ಪಂಪ್ ಓಡಿದಾಗ ವೆಂಟ್ ಪೈಪಿನ ತುದಿಯಿಂದ ತಾರಸಿಯ ಮೇಲೆ ನೀರು ಸುರಿಯತೊಡಗಿತು. ಅದನ್ನು ಕ್ಯಾಪ್ ಹಾಕಿ ಮುಚ್ಚಿದರು. ಅದು ತಪ್ಪಲ್ಲ, ಪಂಪ್ ಇರುವಲ್ಲಿ ವೆಂಟ್ ಪೈಪ್ ನಡೆಯುವುದಿಲ್ಲ. ಹೊಸ ಗೀಸರ್ ಜೊತೆ ವಾಲ್ವ್ ಕೂರಿಸಿದರು, ಅದೂ ಸರಿ. ವಾಲ್ವ್ ತನ್ನ ಕೆಲಸ ಮಾಡಿ ಹನಿ ಬೀಳಿಸಿತು. ಅದನ್ನು ಸೋರಿಕೆ ಎಂದು ತಿಳಿದು ಮುಚ್ಚಿದರು. ಕೊನೆಯ ದಾರಿಯೂ ಹೋಯಿತು. ಆಮೇಲೆ ಉಬ್ಬಿದ ನೀರು ನಲ್ಲಿಯ ವಾಷರ್ ತಳ್ಳಿಕೊಂಡು ತನ್ನ ದಾರಿ ತಾನೇ ಮಾಡಿಕೊಂಡಿತ್ತು.

ಅದರಿಂದ ತಕ್ಷಣ ಏನೂ ಸಿಡಿಯುವುದಿಲ್ಲ. ನೀರು 60ಕ್ಕೆ ಬಂದಾಗ ಥರ್ಮೋಸ್ಟಾಟ್ ಕರೆಂಟ್ ಕಡಿಯುತ್ತದೆ, ಅದು ಕೆಟ್ಟರೆ ಇನ್ನೊಂದು ಕಟೌಟ್ ಇದೆ. ಆದರೆ ದಿನವೂ ಏರಿ ಇಳಿಯುವ ಒತ್ತಡಕ್ಕೆ ಒಳಟ್ಯಾಂಕಿನ ಬೆಸುಗೆ ದಣಿಯುತ್ತದೆ, ಕನೆಕ್ಷನ್ ಪೈಪ್ ಉಬ್ಬುತ್ತದೆ. ನಿಜವಾದ ಅಪಾಯ ಥರ್ಮೋಸ್ಟಾಟ್, ಕಟೌಟ್ ಎರಡೂ ಅಂಟಿಕೊಂಡ ದಿನ. ಒತ್ತಡದಲ್ಲಿರುವ ನೀರು 100 ಡಿಗ್ರಿಗೆ ಕುದಿಯುವುದಿಲ್ಲ. 8 ಬಾರ್‌ನಲ್ಲಿ ಅದು 170 ಡಿಗ್ರಿ ದಾಟುವವರೆಗೂ ನೀರಾಗಿಯೇ ಇರುತ್ತದೆ. ಆಗ ಟ್ಯಾಂಕ್ ಬಿರಿದರೆ ಒತ್ತಡ ಒಮ್ಮೆಲೇ ಬಿದ್ದು, ಆ ನೀರಿನ ಒಂದು ಪಾಲು ಆ ಕ್ಷಣವೇ ಹಬೆಯಾಗುತ್ತದೆ. ಹಬೆಯಾದ ನೀರು ಸಾವಿರದಾರುನೂರು ಪಟ್ಟು ಹಿಗ್ಗುತ್ತದೆ. ಗೀಸರ್ ಸಿಡಿದು ಗೋಡೆ ಉರುಳುವುದು ಹೀಗೆ.

ವಾಲ್ವ್ ಕೂರಿಸುವ ಕೆಲಸ ಕಷ್ಟದ್ದಲ್ಲ, ಆದರೆ ಕ್ರಮ ತಪ್ಪಬಾರದು. ಗೋಡೆಯಿಂದ ಬರುವ ತಣ್ಣೀರಿಗೆ ಮೊದಲು ಆಂಗಲ್ ಕಾಕ್, ಅದರಿಂದ ಕನೆಕ್ಷನ್ ಪೈಪ್, ಪೈಪಿನ ಮೇಲ್ತುದಿಗೆ ವಾಲ್ವ್, ವಾಲ್ವ್‌ನಿಂದ ನೇರ ಗೀಸರ್‌ನ ನೀಲಿ ಬಳೆಯ ಮೂತಿ. ವಾಲ್ವ್‌ನ ಮೈಮೇಲಿನ ಬಾಣ ಗೀಸರ್‌ನ ಕಡೆ ತೋರಿಸಬೇಕು. ವಾಲ್ವ್‌ಗೂ ಗೀಸರ್‌ಗೂ ನಡುವೆ ಕಾಕ್ ಆಗಲಿ ಇನ್ನೊಂದು ನಾನ್ ರಿಟರ್ನ್ ವಾಲ್ವ್ ಆಗಲಿ ಬರಲೇಬಾರದು. ಯಾರಾದರೂ ಆ ಕಾಕ್ ಮುಚ್ಚಿದರೆ ಸೇಫ್ಟಿ ವಾಲ್ವ್ ಇದ್ದೂ ಇಲ್ಲದಂತೆ. ಎರಡನ್ನೂ ಬೇರೆ ಬೇರೆಯಾಗಿ ಕೊಂಡು ಹಾಕುವವರು ನಾನ್ ರಿಟರ್ನ್ ಕೆಳಗೆ, ಸೇಫ್ಟಿ ಮೇಲೆ ಎಂಬುದನ್ನು ಮರೆಯಬಾರದು.

ಥ್ರೆಡ್‌ಗೆ ಟೆಫ್ಲಾನ್ ಟೇಪನ್ನು ವಾಲ್ವ್ ತಿರುಗಿಸುವ ದಿಕ್ಕಿನಲ್ಲೇ ಎಂಟು ಹತ್ತು ಸುತ್ತು ಸುತ್ತಿ, ಕೈಯಲ್ಲಿ ಬಿಗಿಯಾಗುವಷ್ಟು ತಿರುಗಿಸಿ, ಆಮೇಲೆ ಸ್ಪ್ಯಾನರ್‌ನಲ್ಲಿ ಸ್ವಲ್ಪ ಬಿಗಿದರೆ ಸಾಕು. ಗೀಸರ್‌ನ ಮೂತಿಯನ್ನು ಒಳಟ್ಯಾಂಕಿಗೆ ಬೆಸೆದಿರುತ್ತಾರೆ, ಬಲ ಹಾಕಿ ತಿರುಚಿದರೆ ಬೆಸುಗೆಯೇ ಸೀಳುತ್ತದೆ. ಹನಿ ಬೀಳುವ ಮೂತಿಗೆ ಸಣ್ಣ ಟ್ಯೂಬ್ ಸಿಕ್ಕಿಸಿ, ಎಲ್ಲೂ ಮೇಲಕ್ಕೆ ಬಾಗದಂತೆ, ಬಚ್ಚಲ ಮೋರಿಯ ಹತ್ತಿರಕ್ಕೆ ಇಳಿಸಿ, ತುದಿಯನ್ನು ತೆರೆದೇ ಬಿಡಬೇಕು. ತುದಿ ನೀರಲ್ಲಿ ಮುಳುಗಿರಬಾರದು. ಎಲ್ಲ ಮುಗಿದ ಮೇಲೆ ಕಾಕ್ ತೆರೆದು, ಬಿಸಿನೀರಿನ ನಲ್ಲಿಯನ್ನೂ ತೆರೆದು, ಅದರಲ್ಲಿ ಗಾಳಿ ಬುಸುಗುಟ್ಟುವುದು ನಿಂತು ಒಂದೇ ಸಮನೆ ಧಾರೆ ಬಂದ ನಂತರವೇ ಸ್ವಿಚ್ ಹಾಕಬೇಕು.

ಬರೀ ಓವರ್‌ಹೆಡ್ ಟ್ಯಾಂಕಿನ ಮನೆಗಳಲ್ಲಿ ಒಂದು ನಿಜವಾದ ತೊಡಕಿದೆ. ಟ್ಯಾಂಕ್ ಮೂರು ಮೀಟರ್ ಮೇಲಷ್ಟೇ ಇದ್ದರೆ, ವಾಲ್ವ್‌ನ ಒಳಗಿನ ಸ್ಪ್ರಿಂಗನ್ನು ತಳ್ಳುವುದರಲ್ಲೇ ನೀರಿನ ಬಲ ಮುಗಿದು ಬಿಸಿನೀರು ಸಣ್ಣಗೆ ಬರುತ್ತದೆ. ಒಳಗಿನ ಬಿಲ್ಲೆಯನ್ನೇ ಕಿತ್ತು ಬಿಸಾಡಿ “ಈಗ ನೋಡಿ ಫೋರ್ಸ್” ಎನ್ನುವವರನ್ನು ಕಂಡಿದ್ದೇನೆ. ಅಂಥ ಮನೆಗೆ ಹಗುರ ಬಿಲ್ಲೆಯ ನಾನ್ ರಿಟರ್ನ್ ವಾಲ್ವ್ ಹಾಕಿ, ಹಳೆಯ ಕ್ರಮದ ವೆಂಟ್ ಪೈಪ್ ಉಳಿಸಿಕೊಳ್ಳುವುದು ಮೇಲು. ಇಂಥಲ್ಲಿ ಕಂಪನಿಯ ಕೈಪಿಡಿ ಏನು ಹೇಳುತ್ತದೆ ಎಂದು ಓದಿಯೇ ಮುಂದುವರಿಯಬೇಕು. ಅವರು ಕೊಟ್ಟ ವಾಲ್ವ್ ಇಲ್ಲದಿದ್ದರೆ ವಾರಂಟಿ ಇಲ್ಲ ಎನ್ನುವ ಕಂಪನಿಗಳಿವೆ.

ಯಾವ ಹನಿ ಸರಿ, ಯಾವುದು ರೋಗ ಎಂದು ಗುರುತಿಸುವುದು ಸುಲಭ. ಗೀಸರ್ ಕಾಯುವಾಗ ಮಾತ್ರ ಬಿದ್ದು, ಆರಿಸಿದ ಮೇಲೆ ನಿಂತರೆ ಅದು ಆರೋಗ್ಯ. ಹಗಲು ರಾತ್ರಿ ಬೀಳುತ್ತಿದ್ದರೆ ವಾಲ್ವ್‌ನ ಬಾಯಲ್ಲಿ ಕಸ ಸಿಕ್ಕಿದೆ, ಇಲ್ಲವೇ ಲೈನಿನ ಒತ್ತಡವೇ ವಿಪರೀತವಾಗಿದೆ. ಎತ್ತರದ ಅಪಾರ್ಟ್‌ಮೆಂಟ್‌ಗಳ ಕೆಳಮಹಡಿಗಳಲ್ಲಿ ಎರಡನೆಯದು ಆಗುತ್ತದೆ, ಅಲ್ಲಿ ಒತ್ತಡ ತಗ್ಗಿಸುವ ವಾಲ್ವ್ ಬೇರೆಯೇ ಬೇಕು. ನಾನ್ ರಿಟರ್ನ್ ಬಿಲ್ಲೆ ಸೋತಿದೆಯೇ ಎಂದು ತಿಳಿಯಲು, ಯಾವ ನಲ್ಲಿಯನ್ನೂ ತೆರೆಯದೆ ಗೀಸರ್ ಕಾಯಲು ಬಿಟ್ಟು, ವಾಲ್ವ್‌ಗಿಂತ ಒಂದಡಿ ಕೆಳಗೆ ತಣ್ಣೀರಿನ ಪೈಪನ್ನು ಮುಟ್ಟಿ ನೋಡಬೇಕು. ಪೈಪ್ ಬೆಚ್ಚಗಾಗಿದ್ದರೆ ನೀರು ಹಿಂದಕ್ಕೆ ಬರುತ್ತಿದೆ.

ಅವತ್ತು ಭಾವ ತಾವೇ ಹೋಗಿ ಹೊಸ ವಾಲ್ವ್ ತಂದರು. ಕೂರಿಸಿ, ಟ್ಯೂಬಿನ ತುದಿಯನ್ನು ಅರ್ಧ ಲೀಟರಿನ ಖಾಲಿ ಬಾಟಲಿಯ ಬಾಯಿಗೆ ಇಳಿಬಿಟ್ಟು, ಗೀಸರ್ ಹಾಕಿ, ಕಾಫಿ ಕುಡಿಯುತ್ತ ಕಾದೆವು. ಹತ್ತು ನಿಮಿಷ ಏನೂ ಇಲ್ಲ. ಆಮೇಲೆ ಒಂದು ಹನಿ, ಇನ್ನೊಂದು, ಕೊನೆಕೊನೆಗೆ ದಾರದಂತೆ. ದೀಪ ಆರಿದಾಗ ಬಾಟಲಿಯಲ್ಲಿ 300 ಎಂ.ಎಲ್.ಗಿಂತ ತುಸು ಮೇಲೆ ನೀರಿತ್ತು. ನಲ್ಲಿಯ ತೊಟ್ಟಿಕ್ಕುವಿಕೆ ನಿಂತಿತ್ತು. “ಇಷ್ಟು ನೀರು ಎಲ್ಲಿ ಹೋಗ್ತಾ ಇತ್ತು?” ಎಂದು ಭಾವ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು.

ಅವರ ಬೋರ್‌ವೆಲ್ ನೀರು ಗಡಸು. ಅಂಥ ನೀರಿನಲ್ಲಿ 60 ಡಿಗ್ರಿಗಿಂತ ಹೆಚ್ಚು ಕಾಯಿಸಿದಷ್ಟೂ ಸುಣ್ಣ ಬೇಗ ಕಟ್ಟುತ್ತದೆ. ಹಾಗಾಗಿ ಗುಂಡಿಯನ್ನು 75ಕ್ಕೆ ಏರಿಸಬೇಡಿ ಎಂದು ಹೇಳಿ ಬಂದಿದ್ದೆ. ತಿಂಗಳಿಗೊಮ್ಮೆ ವಾಲ್ವ್‌ನ ಸಣ್ಣ ಹಿಡಿಯನ್ನು ಎತ್ತಿ ನೀರು ಚಿಮ್ಮಿಸಿ ಬಿಡುವುದನ್ನು ಭಾವ ರೂಢಿ ಮಾಡಿಕೊಂಡರು. ಈ ಸಲದ ದೀಪಾವಳಿಗೆ ಹೋದಾಗ ಹಿಡಿ ಎತ್ತಿದರೂ ನೀರು ಬರಲಿಲ್ಲ. ಬಿಚ್ಚಿ ನೋಡಿದರೆ ಸ್ಪ್ರಿಂಗಿನ ಸುತ್ತುಗಳ ನಡುವೆ ಬಿಳಿಯ ಸುಣ್ಣ ಹಲ್ಲಿನ ಕಿಟ್ಟದಂತೆ ಗಟ್ಟಿಯಾಗಿತ್ತು, ಅದು ಒತ್ತಿ ಹಿಡಿದ ಬಾಗಿಲು ತನ್ನ ಪೀಠಕ್ಕೆ ಅಂಟಿಹೋಗಿತ್ತು. ಎಂಸೀಲ್ ಮೆತ್ತಿದ್ದಕ್ಕೂ ಇದಕ್ಕೂ ಪರಿಣಾಮ ಒಂದೇ. ಅಂಗಡಿಯಿಂದ ಇನ್ನೊಂದು ತಂದು ಹಾಕಿದೆವು. ಗಡಸು ನೀರಿನ ಮನೆಯಲ್ಲಿ ನಾಲ್ಕು ವರ್ಷ ಕಾಯುವುದೇ ಜಾಸ್ತಿ ಎಂದು, ಎರಡು ವರ್ಷ ಮುಂದಿನ ದೀಪಾವಳಿಯ ಇಸವಿಯನ್ನು ಭಾವ ಮಾರ್ಕರ್ ಪೆನ್ನಿನಲ್ಲಿ ಗೀಸರ್‌ನ ಹೊಟ್ಟೆಯ ಮೇಲೆ ಬರೆದಿಟ್ಟರು.